ಮಂಗಳೂರಿನ ಸೆಕೆಗೆ ಉಣ್ಣೆಯ ಪ್ಯಾಂಟ್

ಧಾರವಾಡದಿಂದ ಮಂಗಳೂರಿಗೆ ವರ್ಗವಾಗಿ ಬಂದಾಗ ಬಟ್ಟೆಯ ವಿಷಯದಲ್ಲಿ ಹೊಸದಾಗಿ ಕಲಿಯುವುದು ಏನಾದರೂ ಇದೆ ಎಂದು ನನಗೆ ಅನ್ನಿಸಿರಲಿಲ್ಲ. ದಪ್ಪ ಹತ್ತಿಯ ಪ್ಯಾಂಟ್, ಇಸ್ತ್ರಿ ಬೇಡದ ಶರ್ಟ್ ತೊಟ್ಟು ಧಾರವಾಡದ ಬಿಸಿಲನ್ನು ಎಷ್ಟೋ ವರ್ಷ ಕಳೆದಿದ್ದೆ. ಇಲ್ಲಿ ಹಂಪನಕಟ್ಟೆಯಲ್ಲಿ ಬಸ್ಸಿಳಿದು ಹತ್ತು ನಿಮಿಷ ನಡೆದು ಕಚೇರಿ ತಲುಪುವಷ್ಟರಲ್ಲಿ ಶರ್ಟ್ ಬೆನ್ನಿಗೂ ಪ್ಯಾಂಟ್ ತೊಡೆಗೂ ಅಂಟಿಕೊಂಡಿರುತ್ತಿತ್ತು. ಒಳಗೆ ಎಸಿಯ ಗಾಳಿ ಬಡಿದಾಗ ಅದೇ ಒದ್ದೆ ಬಟ್ಟೆಯಿಂದ ಚಳಿ. ಸಾಲದ ವಿಭಾಗದಲ್ಲಿ ನನ್ನ ಕೆಲಸ. ದಿನವಿಡೀ ಗ್ರಾಹಕರ ಎದುರು ಕುಳಿತಿರಬೇಕು. ಹೀಗಾಗಿ ಆ ಬೇಸಿಗೆಯಲ್ಲೇ ಬಟ್ಟೆಯನ್ನು ಒಂದೊಂದಾಗಿ ಬದಲಿಸಿ ನೋಡಲು ಶುರುಮಾಡಿದೆ.

ಒಣ ಹವೆಯಲ್ಲಿ ಬೆವರು ಬಂದಂತೆಯೇ ಆರಿಹೋಗುತ್ತದೆ, ಮೈ ತಂಪಾಗುತ್ತದೆ. ಕರಾವಳಿಯ ಗಾಳಿಯಲ್ಲಿ ಮೊದಲೇ ನೀರಿನಂಶ ತುಂಬಿರುವುದರಿಂದ ಬೆವರು ಬೇಗ ಆರುವುದಿಲ್ಲ. ಆದ್ದರಿಂದ ಇಲ್ಲಿ ಬಟ್ಟೆ ಬೆವರನ್ನು ಎಷ್ಟು ಹೀರುತ್ತದೆ ಎಂಬುದಕ್ಕಿಂತ, ಅದರ ಮೂಲಕ ಗಾಳಿ ಎಷ್ಟು ಆಡುತ್ತದೆ, ಅದು ಮೈಯಿಂದ ಎಷ್ಟು ದೂರ ನಿಲ್ಲುತ್ತದೆ ಎಂಬುದು ಮುಖ್ಯ. ಇದನ್ನು ಅರ್ಥಮಾಡಿಕೊಂಡ ಮೇಲೆ ನಾನು ಅಂಗಡಿಯಲ್ಲಿ ಮೊದಲು ಮಾಡುವ ಕೆಲಸ ಬದಲಾಯಿತು: ಬಟ್ಟೆಯ ಒಂದು ಪದರವನ್ನು ಬಾಯಿಗೆ ಒತ್ತಿ ಊದುತ್ತೇನೆ. ಉಸಿರು ಸರಾಗವಾಗಿ ಆಚೆ ಹೋದರೆ ಮಾತ್ರ ಮುಂದಿನ ಮಾತು.

ಶರ್ಟಿನ ವಿಷಯ ಸುಲಭವಾಗಿಯೇ ತೀರ್ಮಾನವಾಯಿತು. ಚದರ ಮೀಟರಿಗೆ 100ರಿಂದ 120 ಗ್ರಾಂ ತೂಗುವ, ಸಾದಾ ನೇಯ್ಗೆಯ ಹತ್ತಿ ಬಟ್ಟೆ ಸಾಕು. ಇಸ್ತ್ರಿ ಬೇಡದ ಶರ್ಟುಗಳನ್ನು ಬಿಟ್ಟುಬಿಟ್ಟೆ. ಸುಕ್ಕು ಬೀಳದಿರಲಿ ಎಂದು ಅವುಗಳ ನೂಲಿಗೆ ರಾಳದ ಲೇಪ ಕೊಟ್ಟಿರುತ್ತಾರೆ, ಅದರಿಂದ ಹತ್ತಿಯ ಹೀರುವ ಗುಣ ಕಡಿಮೆಯಾಗುತ್ತದೆ. ಬಣ್ಣವೂ ಲೆಕ್ಕಕ್ಕೆ ಬರುತ್ತದೆ: ತಿಳಿನೀಲಿ ಮತ್ತು ಬೂದು ಬಣ್ಣಗಳಲ್ಲಿ ಬೆವರಿನ ಕಲೆ ಎದ್ದು ಕಾಣುತ್ತದೆ, ಬಿಳಿಯಲ್ಲಿ, ಸಣ್ಣ ಗೆರೆಯ ಬಟ್ಟೆಯಲ್ಲಿ ಅಷ್ಟಿಲ್ಲ. ಎದೆಯ ಸುತ್ತಳತೆಗಿಂತ ನಾಲ್ಕೈದು ಇಂಚು ಸಡಿಲವಾಗಿ ಹೊಲಿಸಿಕೊಳ್ಳಬೇಕು. ಮೈಗೆ ಬಿಗಿದ ಶರ್ಟ್ ಎಷ್ಟೇ ತೆಳುವಾಗಿದ್ದರೂ ಇಲ್ಲಿ ಪ್ರಯೋಜನವಿಲ್ಲ.

ಲಿನನ್ ಮಿಶ್ರಣದ ಶರ್ಟ್ ಹತ್ತಿಗಿಂತಲೂ ಹಿತ. ನಾನು ತೆಗೆದುಕೊಂಡದ್ದು 55 ಪಾಲು ಲಿನನ್, 45 ಪಾಲು ಹತ್ತಿ ಇದ್ದ ಬಟ್ಟೆ. ಲಿನನ್ ನೇಯುವ ಅಗಸೆಯ ನಾರು ಬಿರುಸಾದ್ದರಿಂದ ಬಟ್ಟೆ ಒದ್ದೆಯಾದರೂ ಮೈಗೆ ಪೂರ್ತಿ ಅಂಟುವುದಿಲ್ಲ, ನಡುವೆ ಗಾಳಿ ಆಡುತ್ತದೆ. ಆದರೆ ಆ ಬಿರುಸುತನದಿಂದಲೇ ಅದು ಮಡಿಸಿದ ಕಡೆ ಮಡಿಕೆಯನ್ನು ಬಿಡುವುದಿಲ್ಲ. ಹತ್ತಿ ಬೆರೆತಾಗ ಸುಕ್ಕು ಕಡಿಮೆಯಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಶರ್ಟಿನಲ್ಲಿ ಆ ಸುಕ್ಕನ್ನು ಯಾರೂ ತಪ್ಪೆಂದು ನೋಡುವುದಿಲ್ಲ, ಪ್ಯಾಂಟಿನಲ್ಲಿ ಹಾಗಲ್ಲ. ಲಿನನ್ ಮತ್ತು ವಿಸ್ಕೋಸ್ ಬೆರೆತ ಪ್ಯಾಂಟ್ ಒಂದನ್ನು ಹೊಲಿಸಿ ನೋಡಿದೆ. ಬಸ್ಸಿನಲ್ಲಿ ಮುಕ್ಕಾಲು ಗಂಟೆ ಕುಳಿತು ಎದ್ದಾಗ ತೊಡೆಸಂದಿಯಲ್ಲೂ ಮಂಡಿಯ ಹಿಂದೆಯೂ ಗೆರೆಗಳು ಮೂಡಿರುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ಮಂಡಿಯ ಭಾಗ ಚೀಲದಂತೆ ಮುಂದೆ ಬಂದಿರುತ್ತಿತ್ತು. ಮುಖ್ಯ ಗ್ರಾಹಕರೊಬ್ಬರು ಬರುವ ದಿನ ಅದನ್ನು ಹಾಕಿಕೊಂಡು ಹೋಗಿ ಮುಜುಗರಪಟ್ಟ ಮೇಲೆ ಮತ್ತೆ ಕಚೇರಿಗೆ ಹಾಕಲಿಲ್ಲ.

ಪ್ಯಾಂಟಿನ ನಿಜವಾದ ತೊಡಕು ಇಲ್ಲಿದೆ. ಹತ್ತಿಯ ಪ್ಯಾಂಟಿಗೆ ಇಸ್ತ್ರಿಯ ಗೆರೆ ನಿಲ್ಲಬೇಕು, ಒಳಗಿನದು ಕಾಣಬಾರದು ಎಂದರೆ ಬಟ್ಟೆ ದಪ್ಪವಾಗಿಯೇ ಇರಬೇಕು, ಒತ್ತಾಗಿ ನೇಯ್ದಿರಬೇಕು. ಆಗ ಗಾಳಿ ಆಡುವುದಿಲ್ಲ. ಉಣ್ಣೆಯ ನಾರಿಗೆ ಸಹಜವಾದ ಸುರುಳಿಯಿದೆ. ಮಡಿಚಿದರೂ ತಾನಾಗಿ ಹಿಂದಕ್ಕೆ ಬರುತ್ತದೆ. ಹೀಗಾಗಿ ಬಿಗಿಯಾಗಿ ಹುರಿಮಾಡಿದ ನೂಲಿನಿಂದ ಬಿಡಿಬಿಡಿಯಾಗಿ, ಸಾದಾ ನೇಯ್ಗೆಯಲ್ಲಿ ನೇಯ್ದರೂ ಅದು ಚೆನ್ನಾಗಿ ಇಳಿಬೀಳುತ್ತದೆ. ಅದೇ ಟ್ರಾಪಿಕಲ್ ಉಣ್ಣೆ. ಬೆಳಕಿಗೆ ಹಿಡಿದರೆ ಎಳೆಗಳ ನಡುವೆ ಸಣ್ಣ ಸಣ್ಣ ಕಿಂಡಿಗಳು ಕಾಣುತ್ತವೆ. ಉಣ್ಣೆ ತನ್ನ ತೂಕದ ಸುಮಾರು ಶೇ. 30ರಷ್ಟು ನೀರಾವಿಯನ್ನು ಹೀರಿಕೊಂಡರೂ ಕೈಗೆ ಒದ್ದೆ ಎನಿಸುವುದಿಲ್ಲ. ಎಸಿಗೆ ಬಂದಾಗ ಚಳಿ ಹಿಡಿಯದಿರುವುದು ಇದರಿಂದಲೇ.

ಮೊದಲ ಸಲ ಕೊಳ್ಳುವಾಗ ಮೋಸಹೋದೆ. ಅಂಗಡಿಯವರು ಟ್ರಾಪಿಕಲ್ ಎಂದರು, ಅಂಚಿನಲ್ಲಿ ‘ಸೂಪರ್ 120’ ಎಂದು ಇತ್ತು, ನಂಬಿದೆ. ಎರಡು ದಿನ ಹಾಕಿದಾಗಲೇ, ಉಣ್ಣೆಗೆ ಪಾಲಿಯೆಸ್ಟರ್ ಬೆರೆಸಿದ ಹಳೆಯ ಟೆರಿವೂಲ್ ಪ್ಯಾಂಟಿನಂತೆ ಬಿಸಿ ಹಿಡಿಯತೊಡಗಿತು. ಮನೆಯಲ್ಲಿ ಉಳಿದ ತುಂಡಿನಿಂದ ಎರಡು ಎಳೆ ಬಿಡಿಸಿ ಬೆಂಕಿಗೆ ಹಿಡಿದೆ. ಅಪ್ಪಟ ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರಬೇಕು, ಬೂದಿ ಬೆರಳಲ್ಲಿ ಪುಡಿಯಾಗಬೇಕು. ಇಲ್ಲಿ ಎಳೆ ಕರಗಿ ತುದಿಯಲ್ಲಿ ಗಟ್ಟಿ ಮಣಿಯಾಯಿತು. ಅರ್ಧಕ್ಕರ್ಧ ಪಾಲಿಯೆಸ್ಟರ್ ಇದ್ದಿರಬೇಕು. ಟ್ರಾಪಿಕಲ್ ಎಂಬುದು ನಾರಿನ ಹೆಸರಲ್ಲ, ಹಗುರವಾದ ಸಾದಾ ನೇಯ್ಗೆಯ ಹೆಸರು. ಪಾಲಿಯೆಸ್ಟರ್-ವಿಸ್ಕೋಸ್ ಬಟ್ಟೆಯನ್ನೂ ಹಾಗೆಯೇ ಕರೆಯುತ್ತಾರೆ. ಸೂಪರ್ ಎಂಬ ಅಂಕೆಯೂ ನಾರಿನ ನಯವನ್ನು ಹೇಳುತ್ತದೆಯೇ ಹೊರತು ಬಟ್ಟೆ ಎಷ್ಟು ಹಗುರ ಎಂಬುದನ್ನಲ್ಲ. ದಿನಬಳಕೆಯ ಪ್ಯಾಂಟಿಗೆ ಆ ಅಂಕೆ 100 ಇದ್ದರೆ ಸಾಕು. ಹೆಚ್ಚಾದಷ್ಟೂ ಬಟ್ಟೆ ಸೂಕ್ಷ್ಮವಾಗುತ್ತದೆ, ಬೇಗ ಸವೆಯುತ್ತದೆ.

ಎರಡನೆಯ ಸಲ ಕೇಳಿದ್ದು ಎರಡೇ ಪ್ರಶ್ನೆ: ನೂರಕ್ಕೆ ನೂರು ಉಣ್ಣೆಯೇ? ತೂಕ ಹೇಳುತ್ತಿರುವುದು ಚದರ ಮೀಟರಿಗೋ, ಉದ್ದದ ಮೀಟರಿಗೋ? ಈ ಎರಡನೆಯದನ್ನು ಕೇಳದಿದ್ದರೆ ಲೆಕ್ಕ ತಪ್ಪುತ್ತದೆ. ಬಟ್ಟೆಯ ಪನ್ನ ಒಂದೂವರೆ ಮೀಟರ್ ಇರುವುದರಿಂದ ಉದ್ದದ ಮೀಟರಿಗೆ 330 ಗ್ರಾಂ ಎಂದರೆ ಚದರ ಮೀಟರಿಗೆ 220 ಆಗುತ್ತದೆ. ನಾನು ಕೊಂಡದ್ದು ಅದೇ ತೂಕದ್ದು, ಗಾಢ ಬೂದು ಬಣ್ಣದ್ದು, 1.3 ಮೀಟರ್.

ಹೊಲಿಗೆಯಲ್ಲಿ ಇನ್ನೊಂದು ತೊಡಕು ಎದುರಾಯಿತು. ಉಣ್ಣೆ ಎಂದ ಕೂಡಲೇ ಟೈಲರ್ ಮಂಡಿಯವರೆಗೆ ಪಾಲಿಯೆಸ್ಟರ್ ಲೈನಿಂಗ್ ಕೊಡಲು ಹೊರಟರು. “ಲೈನಿಂಗ್ ಇಲ್ಲದಿದ್ದರೆ ಚುಚ್ಚುತ್ತದೆ ಸರ್” ಎಂದರು. “ಅದನ್ನು ಕೊಟ್ಟರೆ ಗಾಳಿಗಾಗಿ ಕೊಂಡ ಬಟ್ಟೆಗೆ ಪ್ಲಾಸ್ಟಿಕ್ ಹೊದಿಸಿದಂತಾಗುತ್ತದೆ ಮಾಸ್ಟರೇ, ಬೇಡ” ಎಂದೆ. ಅವರ ಮಾತಿನಲ್ಲಿ ಸ್ವಲ್ಪ ಸತ್ಯವಿತ್ತು. ಮೊದಲ ದಿನ ತೊಡೆಯಲ್ಲಿ ತುಸು ತುರಿಕೆಯಾಯಿತು, ಎರಡು ಮೂರು ಸಲ ತೊಟ್ಟ ಮೇಲೆ ಗಮನಕ್ಕೇ ಬರಲಿಲ್ಲ. ಚರ್ಮ ಸೂಕ್ಷ್ಮವಿರುವವರು ಮುಂಭಾಗಕ್ಕೆ ಮಾತ್ರ ತೆಳು ಹತ್ತಿಯ ಲೈನಿಂಗ್ ಕೊಡಿಸಬಹುದು. ಜೇಬಿನ ಚೀಲಕ್ಕೂ ಹತ್ತಿ ಬಟ್ಟೆಯನ್ನೇ ಕೇಳಬೇಕು. ಸೊಂಟದ ಹತ್ತಿರ ಒಂದೊಂದು ನೆರಿಗೆ ಇಟ್ಟರೆ ಕುಳಿತಾಗ ತೊಡೆಗೆ ಬಿಗಿಯುವುದಿಲ್ಲ.

ಬೆಲೆ ಹತ್ತಿಯ ಪ್ಯಾಂಟಿನ ಎರಡು ಪಟ್ಟಿಗೂ ಹೆಚ್ಚಾಯಿತು. ಆದರೆ ಒಗೆಯುವ ಕೆಲಸ ಕಡಿಮೆ. ರಾತ್ರಿ ಫ್ಯಾನಿನ ಕೆಳಗೆ ತೂಗುಹಾಕಿದರೆ ಬೆಳಿಗ್ಗೆ ಸುಕ್ಕು ಬಹುಪಾಲು ಬಿಟ್ಟಿರುತ್ತದೆ. ಒಂದು ದಿನ ತೊಟ್ಟರೆ ಒಂದು ದಿನ ಬಿಡುವು ಕೊಡುತ್ತೇನೆ. ಇಸ್ತ್ರಿಯವನಿಗೆ ಒದ್ದೆ ಬಟ್ಟೆ ಹಾಸಿ ತೀಡಲು ಹೇಳಬೇಕು, ನೇರವಾಗಿ ತೀಡಿದರೆ ಮಂಡಿಯಲ್ಲಿ ಹೊಳಪು ಬಂದುಬಿಡುತ್ತದೆ. ಬೆವರಿನ ಪ್ಯಾಂಟನ್ನು ಹಾಗೆಯೇ ಕಪಾಟಿಗೆ ಸೇರಿಸಬಾರದು. ಉಣ್ಣೆ ತಿನ್ನುವ ಹುಳ ಮೊದಲು ಹುಡುಕುವುದು ಕೊಳೆಯಾದ ಜಾಗವನ್ನೇ.

ಈಗ ಫೆಬ್ರವರಿಯಿಂದ ಮೇ ಕೊನೆಯವರೆಗೆ ನನ್ನ ಉಡುಪು ಇದೇ: ಮೇಲೆ ಹಗುರ ಹತ್ತಿ ಅಥವಾ ಲಿನನ್ ಮಿಶ್ರಣ, ಕೆಳಗೆ ಟ್ರಾಪಿಕಲ್ ಉಣ್ಣೆ. ಜೂನ್ ಬಂದರೆ ಉಣ್ಣೆಯ ಪ್ಯಾಂಟುಗಳನ್ನು ಒಗೆಸಿ, ನುಸಿಗುಳಿಗೆ ಇಟ್ಟು ತೆಗೆದಿಡುತ್ತೇನೆ. ದಿನಕ್ಕೆರಡು ಸಲ ಮಂಡಿಯವರೆಗೆ ನೆನೆಯುವ ಆ ಮಳೆಗೆ, ಮನೆಯೊಳಗೆ ಹಗ್ಗದ ಮೇಲೆ ಬೇಗ ಒಣಗುವ ಹಳೆಯ ಟೆರಿವೂಲೇ ಸರಿ.