‘ನಿನ್ನ ಬಗ್ಗೆ ಹೇಳವಾ’ ಅಂದಾಗ: ಸ್ಕಾಲರ್‌ಶಿಪ್ ಸಂದರ್ಶನದ ಮೊದಲ ಒಂದೂವರೆ ನಿಮಿಷ

ವಿಜಯಪುರದಲ್ಲಿ ಪ್ರತಿವರ್ಷ ಸ್ಕಾಲರ್‌ಶಿಪ್ ಕೊಡುವ ಒಂದು ಟ್ರಸ್ಟಿನ ಸಂದರ್ಶನದಲ್ಲಿ ನಾಲ್ಕು ವರ್ಷ ಮೇಜಿನ ಈಚೆ ಕೂತಿದ್ದೇನೆ. ಹೊರಗೆ ಪಡಸಾಲೆಯಲ್ಲಿ ಗೆಳತಿಯರ ಜೊತೆ ಗಟ್ಟಿಯಾಗಿ ನಗುತ್ತಿದ್ದ ಹುಡುಗಿ ಬಾಗಿಲು ದಾಟಿದ್ದೇ ಬೇರೆ ಯಾರೋ ಆಗಿಬಿಡುತ್ತಾಳೆ. ತಲೆ ತಗ್ಗಿಸಿ, ‘ನಾವು ಭಾಳ ಬಡವರ್ ಅದೀವ್ರಿ, ತಾವs ಕೈ ಹಿಡೀಬೇಕ್ರಿ’ ಅಂದು ಸುಮ್ಮನಾಗುತ್ತಾಳೆ. ಅಲ್ಲಿಗೆ ಅವಳ ಮಾತು ಮುಗಿಯಿತು.

ಮಕ್ಕಳಿಗೆ ಯಾರೂ ಹೇಳಿಕೊಡದ ಸಂಗತಿ ಒಂದಿದೆ. ಒಳಗೆ ಕರೆದಿರುವ ಎಲ್ಲರೂ ಬಡವರೇ. ತಹಶೀಲ್ದಾರರ ಆದಾಯ ಪ್ರಮಾಣಪತ್ರ ನಮ್ಮ ಮುಂದೆಯೇ ಇರುತ್ತದೆ, ಬಡತನ ಅಲ್ಲಿಗೇ ಸಾಬೀತಾಗಿರುತ್ತದೆ. ನಾವು ನೋಡುವುದು ಬೇರೆ: ಈ ಮಗು ಓದು ಮುಗಿಸುತ್ತದೆಯೇ, ನಡುವೆ ಅಡ್ಡಿ ಬಂದರೆ ಏನು ಮಾಡುತ್ತದೆ?

ಕಳೆದ ವರ್ಷ ತಿಕೋಟಾ ಕಡೆಯ ಒಬ್ಬ ಹುಡುಗಿ ತಯಾರಿಗೆಂದು ನಮ್ಮ ಮನೆಗೆ ಬಂದಿದ್ದಳು. (ನಾನು ತಯಾರಿ ಮಾಡಿಸಿದ ಮಕ್ಕಳಿದ್ದ ವರ್ಷ ಸಮಿತಿಯಲ್ಲಿ ಕೂರುವುದಿಲ್ಲ.) ಪಿಯುಸಿ ವಿಜ್ಞಾನ ಮುಗಿದಿತ್ತು, ಬಾಗಲಕೋಟೆಯಲ್ಲಿ ಬಿ.ಎಸ್‌ಸಿ. ತೋಟಗಾರಿಕೆಗೆ ಸೀಟು ಸಿಕ್ಕಿತ್ತು. ‘ನಿನ್ನ ಬಗ್ಗೆ ಹೇಳವಾ’ ಅಂದಾಗ ಆಡುವ ಮಾತನ್ನು ಹೇಗೆ ಬರೆದುಕೊಳ್ಳಬೇಕು ಎಂದು ಅವಳದೇ ಉದಾಹರಣೆ ಇಟ್ಟುಕೊಂಡು ಹೇಳುತ್ತೇನೆ.

ಹಂತ 1. ನೀವು ತುಂಬಿ ಕಳಿಸಿದ ಅರ್ಜಿಯ ಝೆರಾಕ್ಸ್ ಎದುರಿಗಿರಲಿ. ಅದಿಲ್ಲದೆ ಒಂದಕ್ಷರವೂ ಬರೆಯಬೇಡಿ.

ಹಂತ 2. ಊರು, ಮನೆಯವರ ಕೆಲಸ, ಓದು, ಮುಂದೇನು ಓದುತ್ತೀರಿ ಎಂಬುದನ್ನು ಮೂರು ಸಾಲಿನಲ್ಲಿ ಬರೆಯಿರಿ. ‘ಮೈಸೆಲ್ಫ್’ ಅಂತ ಶುರು ಮಾಡಬೇಡಿ. ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಮಾರುವ ‘ಇಂಟರ್‌ವ್ಯೂ ಗೈಡ್’ ಕೊಂಡವರೆಲ್ಲ ಅದನ್ನೇ ಹೇಳುತ್ತಾರೆ. ಒಂದೇ ದಿನ ಏಳು ಮಕ್ಕಳ ಬಾಯಲ್ಲಿ ಒಂದೇ ವಾಕ್ಯ ಕೇಳಿದ್ದೇನೆ, ತಪ್ಪು ಕೂಡ ಒಂದೇ. ಆ ದುಡ್ಡಿಗೆ ಮಿರ್ಚಿ ಭಜಿ ತಿನ್ನಿ.

ಹಂತ 3. ಕಷ್ಟ ಹೇಳುವುದು. ಎಲ್ಲರೂ ಎಡವುವುದು ಇಲ್ಲಿಯೇ. ಹುಡುಗಿ ಮೊದಲು ಬರೆದುಕೊಂಡು ಬಂದದ್ದು ಹೀಗಿತ್ತು: ‘ನಮ್ಮದು ಕಡುಬಡತನದ ಕುಟುಂಬ. ನಮ್ಮ ತಾಯಿ ಹಗಲಿರುಳು ಕೂಲಿ ಮಾಡಿ ಕಣ್ಣೀರಿನಲ್ಲಿ ಕೈ ತೊಳೆಯುತ್ತಾ ನನ್ನನ್ನು ಓದಿಸಿದ್ದಾರೆ.’

‘ಅವ್ವ ಖರೇನ ದಿನಾ ಅಳ್ತಾಳೇನು?’ ಅಂತ ಕೇಳಿದೆ. ಹುಡುಗಿಗೆ ನಗು ಬಂತು. ‘ಇಲ್ರಿ ಸರ, ಬೈತಾಳ್ರಿ.’

ಕಷ್ಟದ ಮಾತಿನಲ್ಲಿ ಮೂರು ಸಂಗತಿ ಇರಬೇಕು: ಆದದ್ದು ಏನು, ಅದರ ಅಳತೆ ಎಷ್ಟು, ಆಗ ನೀವು ಏನು ಮಾಡಿದಿರಿ. ಮೂರನೆಯದು ಬಿಟ್ಟುಹೋದರೆ ಕೇಳುವವರಿಗೆ ಕನಿಕರ ಹುಟ್ಟುತ್ತದೆ, ನಂಬಿಕೆ ಹುಟ್ಟುವುದಿಲ್ಲ. ಕಡುಬಡತನ, ಕಣ್ಣೀರು, ದಯವಿಟ್ಟು ಎಂಬ ಮೂರು ಪದ ಹೊಡೆದುಹಾಕಿಸಿದೆ. ಆಮೇಲೆ ಅವ್ವ ಏನು ಕೆಲಸ ಮಾಡುತ್ತಾಳೆ, ಎಲ್ಲಿ, ಎಷ್ಟು ದಿನ ಎಂದು ಕೇಳುತ್ತ ಹೋದೆ. ಅವ್ವ ಫೆಬ್ರುವರಿಯಿಂದ ಏಪ್ರಿಲ್ ತನಕ ಒಣದ್ರಾಕ್ಷಿ ಶೆಡ್ಡಿಗೆ ಹೋಗುತ್ತಾಳೆ. ದಿನಕ್ಕೆ 300 ರೂಪಾಯಿ, ಹಂಗಾಮಿನಲ್ಲಿ ಸುಮಾರು 80 ದಿನ ಕೆಲಸ.

ಅಳತೆ ಹೇಳುವಾಗ ಎಚ್ಚರ ಇರಲಿ. ‘ಅವ್ವ ದಿನಾ 300 ರೂಪಾಯಿ ದುಡೀತಾಳ’ ಅಂದುಬಿಟ್ಟರೆ ಸಮಿತಿಯಲ್ಲಿರುವ ಲೆಕ್ಕಿಗರು ಮನಸ್ಸಿನಲ್ಲೇ 365ರಿಂದ ಗುಣಿಸುತ್ತಾರೆ. ಒಂದು ಲಕ್ಷ ದಾಟುತ್ತದೆ. ಅರ್ಜಿಯಲ್ಲಿದ್ದ ಆದಾಯ 40 ಸಾವಿರ. ಹುಡುಗಿ ಸುಳ್ಳು ಹೇಳಿರಲಿಲ್ಲ, ಆದರೆ ಸುಳ್ಳಿಯಂತೆ ಕಂಡುಬಿಡುತ್ತಿದ್ದಳು. ‘80 ದಿನ’ ಎಂಬ ಒಂದು ಮಾತು ಸೇರಿದ್ದೇ ಮೊತ್ತ 24 ಸಾವಿರಕ್ಕೆ ಇಳಿಯಿತು, ಪ್ರಮಾಣಪತ್ರದ 40 ಸಾವಿರದೊಳಗೇ ಬಂತು. ಹಂತ 1ರಲ್ಲಿ ಝೆರಾಕ್ಸ್ ಕೇಳಿದ್ದು ಇದಕ್ಕೇ.

ಇನ್ನು ‘ನೀ ಏನ್ ಮಾಡಿದಿ?’ ಬಹಳ ಹೊತ್ತು ‘ಏನಿಲ್ರಿ’ ಅಂತಲೇ ಇದ್ದಳು. ಹಳ್ಳಿಯ ಮಕ್ಕಳಿಗೆ ತಾವು ಮಾಡಿದ ಕೆಲಸ ಕೆಲಸವಾಗಿ ಕಾಣುವುದೇ ಇಲ್ಲ. ಕೊನೆಗೆ ಹೊರಬಿತ್ತು: ಪರೀಕ್ಷೆ ಮುಗಿದ ಮೇಲೆ ತಾನೂ ಅವ್ವನ ಜೊತೆ ಶೆಡ್ಡಿಗೆ ಹೋಗಿ ಒಣದ್ರಾಕ್ಷಿ ಆರಿಸಿದ್ದಾಳೆ. ಶೆಡ್ಡಿನ ಅಂಚಿನಲ್ಲಿ ನೇರ ಬಿಸಿಲು ಬೀಳುವ ಜಾಲರಿಯ ಹಣ್ಣು ಕಂದಾಗುತ್ತದೆ, ಒಳಸಾಲಿನದು ಹಸಿರು ಉಳಿಯುತ್ತದೆ, ಹಸಿರಿಗೆ ದರ ಹೆಚ್ಚು. ಇದನ್ನು ಗಮನಿಸಿ, ಯಾವ ಸಾಲು ಎಂದು ಹರವಿದ್ದು, ಎಂದು ಉದುರಿಸಿದ್ದು ಎಂದು ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದಳು. ಇಂಥದ್ದನ್ನು ಬಚ್ಚಿಟ್ಟುಕೊಂಡು ಕಣ್ಣೀರಿನ ಕಥೆ ಹೇಳಲು ಹೊರಟಿದ್ದಳು!

ಹಂತ 4. ದುಡ್ಡಿನ ಲೆಕ್ಕ. ಎಷ್ಟು ಬೇಕು, ಎಷ್ಟು ಇದೆ, ಎಷ್ಟು ಕಡಿಮೆ ಬೀಳುತ್ತದೆ ಎಂಬುದನ್ನು ಒಂದೇ ಉಸಿರಿನಲ್ಲಿ ಹೇಳಿ. ಅವಳ ಲೆಕ್ಕದಲ್ಲಿ ವರ್ಷಕ್ಕೆ 70 ಸಾವಿರ ಬೇಕಿತ್ತು. ಅವ್ವನ ಸಂಘದ ಉಳಿತಾಯ 20, ಸರ್ಕಾರದ ವಿದ್ಯಾರ್ಥಿವೇತನ ಬಂದರೆ 15, ಉಳಿದದ್ದು 35. ಬೇರೆ ಕಡೆ ಅರ್ಜಿ ಹಾಕಿದ್ದರೆ ಬಾಯಿಬಿಟ್ಟು ಹೇಳಿ. ಮುಚ್ಚಿಟ್ಟು ಸಿಕ್ಕಿಬೀಳುವುದಕ್ಕಿಂತ ಅದು ಎಷ್ಟೋ ಮೇಲು. ‘ಸರ್ಕಾರದ್ದು ತಡ ಆದ್ರ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅವಳ ಉತ್ತರ: ‘ಎರಡು ಆಡು ಅದಾವ್ರಿ, ಮಾರ್ತೀವ್ರಿ.’

ಹಂತ 5. ಕೊನೆಯ ವಾಕ್ಯ. ನೀವು ಎಲ್ಲಿ ನಿಲ್ಲಿಸುತ್ತೀರೋ ಸಮಿತಿಯವರು ಸಾಮಾನ್ಯವಾಗಿ ಅಲ್ಲಿಂದಲೇ ಕೇಳಲು ಶುರು ಮಾಡುತ್ತಾರೆ. ಹಾಗಾಗಿ ನಿಮಗೆ ಚೆನ್ನಾಗಿ ಗೊತ್ತಿರುವ ವಿಷಯಕ್ಕೆ ಬಂದು ನಿಲ್ಲಿಸಿ. ‘ಐಎಎಸ್ ಆಗಿ ದೇಶಸೇವೆ ಮಾಡ್ತೀನಿ’ ಎಂದು ಮುಗಿಸಿದರೆ ಮುಂದಿನ ಪ್ರಶ್ನೆ ಐಎಎಸ್ ಬಗ್ಗೆ ಬರುತ್ತದೆ, ನೀವು ಕಣ್ಣು ಕಣ್ಣು ಬಿಡುತ್ತೀರಿ.

ಕಡೆಗೆ ನಿಂತ ಮಾತು ಇದು:

‘ನಮ್ಮೂರು ತಿಕೋಟಾ ಹತ್ರ ಐತ್ರಿ. ಅಪ್ಪಗ ಮೂರು ಎಕರೆ ಒಣ ಹೊಲ, ಬಿಳಿಜೋಳ ಬೆಳಿತೀವಿ. ಮಳಿ ಕೈಕೊಟ್ಟ ವರ್ಷ ಮನಿ ನಡಿಯೂದು ಅವ್ವನ ಕೂಲಿ ಮ್ಯಾಲ. ಹಂಗಾಮಿನಾಗ 80 ದಿನ ದ್ರಾಕ್ಷಿ ಶೆಡ್ಡಿಗೆ ಹೋಗ್ತಾಳ, ದಿನಕ್ಕ 300 ರೂಪಾಯಿ. ಪರೀಕ್ಷೆ ಮುಗದ ಮ್ಯಾಲ ನಾನೂ ಹೋಗೀನಿ. ಪಿಯುಸಿ ವಿಜ್ಞಾನ ಮುಗಿಸೀನಿ, ಬಾಗಲಕೋಟಿಯೊಳಗ ಬಿ.ಎಸ್‌ಸಿ. ತೋಟಗಾರಿಕೆ ಸೀಟು ಸಿಕ್ಕೈತಿ. ವರ್ಷಕ್ಕ 70 ಸಾವಿರ ಬೇಕು. ನಮ್ಮ ಕಡೆ 20 ಐತಿ, ಸರ್ಕಾರದ್ದು 15 ಬರಬಹುದು, 35 ಕಡಿಮಿ ಬೀಳ್ತದ. ಅದನ್ನ ಕೇಳಾಕ ಬಂದೀನಿ. ಹಣ್ಣು ಕೊಯ್ದ ಮ್ಯಾಲಿನ ಕೆಲಸ ಕಲಿಯೂದು ನನ್ನ ಗುರಿ. ನಮ್ಮ ಶೆಡ್ಡಿನಾಗ ಅಂಚಿನ ಸಾಲಿನ ಹಣ್ಣು ಯಾಕ ಕಂದಾಗ್ತದ ಅಂತ ಒಂದು ಹಂಗಾಮು ಬರದಿಟ್ಟೀನ್ರಿ.’

ಆಡುಮಾತನ್ನು ನಾನು ತಿದ್ದಲಿಲ್ಲ. ಪುಸ್ತಕದ ಕನ್ನಡಕ್ಕೆ ತಿರುಗಿಸಿ ಹೇಳಿಸಿದರೆ ಮಕ್ಕಳು ಪದ ಹುಡುಕುತ್ತ ನಿಂತುಬಿಡುತ್ತಾರೆ. ಸಮಿತಿಯವರು ಇಂಗ್ಲಿಷಿನಲ್ಲೇ ಕೇಳಿದರೆ ಮಾತ್ರ ಇದನ್ನೇ ಸಣ್ಣ ಸಣ್ಣ ವಾಕ್ಯ ಮಾಡಿ ಹೇಳಿ. ಒಳಗೆ ಅವರು ಕೇಳಿದ ಮೊದಲ ಪ್ರಶ್ನೆ, ‘ಹೌದೇನವಾ, ಯಾಕ ಕಂದಾಗ್ತದ?’ ಅವಳು ಪೆನ್ನು ಕೇಳಿ ಇಸಿದುಕೊಂಡು ಶೆಡ್ಡಿನ ಚಿತ್ರ ಬರೆದು ತೋರಿಸಿದಳಂತೆ.

ಹಂತ 6. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿಕೊಳ್ಳಿ. ಒಂದೂವರೆ ನಿಮಿಷ ದಾಟಿದರೆ ಊರಿನ ವರ್ಣನೆ ಕತ್ತರಿಸಿ, ಲೆಕ್ಕ ಕತ್ತರಿಸಬೇಡಿ. ಉರು ಹೊಡೆಯಬೇಡಿ, ಕ್ರಮ ಮಾತ್ರ ನೆನಪಿರಲಿ: ಮನೆ, ಓದು, ದುಡ್ಡು, ಶೆಡ್ಡು. ಇಡೀ ಮಾತು ಬಾಯಿಪಾಠ ಮಾಡಿದವರನ್ನು ಯಾರಾದರೂ ನಡುವೆ ತಡೆದರೆ ಮತ್ತೆ ‘ನಮ್ಮೂರು’ ಇಂದಲೇ ಶುರು ಮಾಡುತ್ತಾರೆ. ಯಾವ ವಾಕ್ಯಕ್ಕೆ ಗಂಟಲು ಕಟ್ಟುತ್ತದೆ ಎಂಬುದೂ ರೆಕಾರ್ಡಿನಲ್ಲಿ ತಿಳಿಯುತ್ತದೆ. ಅವಳಿಗೆ ಅದು ‘ಅವ್ವನ ಕೂಲಿ ಮ್ಯಾಲ’ ಅನ್ನುವಲ್ಲಿ. ಅಲ್ಲಿ ಒಂದು ಉಸಿರು ತಗೊಂಡು ನೇರ ‘80 ದಿನ’ಕ್ಕೆ ಹೋಗು ಎಂದಿದ್ದೆ. ಅಂಕಿ ಹೇಳುವಾಗ ದನಿ ತಾನಾಗಿಯೇ ಸರಿಹೋಗುತ್ತಿತ್ತು.