ಮಲ್ಪೆ ಐಸ್ ಪ್ಲಾಂಟಿನ 16 ಲಕ್ಷ ಸಬ್ಸಿಡಿ: ಕಳೆಯುವ ದಾರಿ ಬಿಟ್ಟು ಡೆಫರ್ಡ್ ಇನ್‌ಕಮ್‌ಗೆ ಬಂದ ನನ್ನ ಅನುಭವ

ಉಡುಪಿಯಲ್ಲಿ ಲೆಕ್ಕ ಬರೆಯುವ ನಮ್ಮಂಥವರ ಹತ್ತಿರ ಈಗ ಸಬ್ಸಿಡಿ ಇಲ್ಲದ ಫೈಲು ಸಿಗುವುದೇ ಕಷ್ಟ. ಯಂತ್ರದ ಸಬ್ಸಿಡಿ ಬಂದರೆ ಹತ್ತರಲ್ಲಿ ಒಂಬತ್ತು ಮಂದಿ ಅದನ್ನು ಯಂತ್ರದ ಬೆಲೆಯಿಂದ ಕಳೆದು ಕೈ ತೊಳೆದುಕೊಳ್ಳುತ್ತಾರೆ. ನಾನೂ ಹಾಗೇ ಮಾಡುತ್ತಿದ್ದೆ. ಮಲ್ಪೆಯ ಒಂದು ಐಸ್ ಪ್ಲಾಂಟಿನ ಲೆಕ್ಕ ನನ್ನ ಅಭ್ಯಾಸ ಬದಲಿಸಿತು.

ಪ್ರೈವೇಟ್ ಲಿಮಿಟೆಡ್ ಕಂಪನಿ, ಅಣ್ಣ ತಮ್ಮ ಇಬ್ಬರೇ ಡೈರೆಕ್ಟರುಗಳು. ಅಮೋನಿಯಾ ಕಂಪ್ರೆಸರ್, ಬ್ರೈನ್ ಟ್ಯಾಂಕ್, ಕ್ಯಾನ್‌ಗಳು, ಪ್ಯಾನೆಲ್ ಎಲ್ಲ ಸೇರಿ ಸುಮಾರು 40 ಲಕ್ಷ. ಮತ್ಸ್ಯ ಸಂಪದ ಯೋಜನೆಯಲ್ಲಿ 40 ಪರ್ಸೆಂಟ್, ಅಂದರೆ 16 ಲಕ್ಷ ಅದೇ ವರ್ಷ ಬಂತು. ಉಪ್ಪು ಗಾಳಿಗೆ ಟ್ಯಾಂಕ್ ಬೇಗ ತುಕ್ಕು ಹಿಡಿಯುತ್ತದೆ. ಹಾಗಾಗಿ ಎಂಜಿನಿಯರ್ ಹತ್ತಿರ ಬರೆಸಿಕೊಂಡು ಆಯುಷ್ಯ 10 ವರ್ಷ ಇಟ್ಟೆವು. ಪ್ರತಿ ವರ್ಷ ಸಮನಾಗಿ ಸವಕಳಿ.

ಮೊದಲು ಹಳೆಯ ಅಕೌಂಟೆಂಟ್ ಇಡೀ 16 ಲಕ್ಷವನ್ನು ಕ್ಯಾಪಿಟಲ್ ರಿಸರ್ವ್‌ಗೆ ಹಾಕಿದ್ದರು. ಸ್ವಂತ ಬಂಡವಾಳ ದೊಡ್ಡದಾಗಿ ಕಾಣುತ್ತದೆ, ಬ್ಯಾಂಕಿನವರಿಗೆ ಖುಷಿ. ಆದರೆ ಆಡಿಟರ್ ಒಪ್ಪಲಿಲ್ಲ, ಅದು ಸರಿಯೇ. ಪ್ರವರ್ತಕರು ಹಾಕುವ ಬಂಡವಾಳದ ಸ್ವಭಾವ ಇರುವ ಗ್ರಾಂಟ್‌ಗೆ ಆ ದಾರಿ. ಇದು ಇಂಥದ್ದೇ ಯಂತ್ರ ಕೊಳ್ಳಲು ಕೊಟ್ಟ ಹಣ. ಹಾಗಾಗಿ ನಾನು 40ರಿಂದ 16 ಕಳೆದು ಯಂತ್ರವನ್ನು 24 ಲಕ್ಷಕ್ಕೆ ತೋರಿಸಿದೆ. ವರ್ಷಕ್ಕೆ 2.4 ಲಕ್ಷ ಸವಕಳಿ. ಸರಕಾರಿ ಗ್ರಾಂಟ್‌ಗಳ ಲೆಕ್ಕ ಹೇಗಿರಬೇಕೆಂದು ಹೇಳುವ ಅಕೌಂಟಿಂಗ್ ಸ್ಟ್ಯಾಂಡರ್ಡ್ 12ರ ಪ್ರಕಾರ ಏನೂ ತಪ್ಪಿಲ್ಲ.

ತಪ್ಪು ಬೇರೆ ಕಡೆ ಹುಟ್ಟಿತು. ಇನ್ಶೂರೆನ್ಸ್ ಮಾಡಿಸಲು ಆಫೀಸಿನ ಹುಡುಗ ಬ್ಯಾಲೆನ್ಸ್ ಶೀಟಿನಿಂದ 24 ಲಕ್ಷವನ್ನೇ ಎತ್ತಿ ಬರೆದ. ನಾನೂ ನೋಡಲಿಲ್ಲ. ಮರು ವರ್ಷ ಮಳೆಗಾಲದಲ್ಲಿ ಪ್ಯಾನೆಲ್‌ಗೆ ಬೆಂಕಿ ಬಿತ್ತು, ಸುಮಾರು 3 ಲಕ್ಷ ನಷ್ಟ. ಸರ್ವೇಯರ್ ಬಂದು ಯಂತ್ರದ ಬೆಲೆ 40 ಲಕ್ಷ ಎಂದು ಹಿಡಿದರು. 40ರ ಆಸ್ತಿಗೆ 24ರ ವಿಮೆ, ಆದ್ದರಿಂದ 3 ಲಕ್ಷದಲ್ಲೂ 40ಕ್ಕೆ 24ರಷ್ಟೇ ಪಾಲು. ಕೈಗೆ ಬಂದದ್ದು 1.8 ಲಕ್ಷ.

"ನಾನು ಕೊಟ್ಟದ್ದು 40 ಅಲ್ವಾ ಮಾರಾಯ್ರೆ, ನಿಮ್ಮ ಪುಸ್ತಕದಲ್ಲಿ 24 ಎಂತಕ್ಕೆ?" ಎಂದು ಅಣ್ಣ ಕೇಳಿದರು. ಸುಟ್ಟ ಪ್ಯಾನೆಲ್‌ನ ಕಪ್ಪು ತಗಡು ಅವರ ಕೈಯಲ್ಲಿತ್ತು. ವಿಮೆಗೆ ಪುಸ್ತಕದ ಬೆಲೆ ನೋಡಲೇಬಾರದು ಎನ್ನುವುದು ನಿಜ. ಆದರೆ ಸಣ್ಣ ಕಂಪನಿಗಳಲ್ಲಿ ಎಲ್ಲರೂ ನೋಡುವುದು ಅದನ್ನೇ. ಕಳೆದು ಬರೆದಾಗ ನಿಜವಾದ ಬೆಲೆ ಎಲ್ಲೂ ಕಾಣದೆ ಹೋಗುತ್ತದೆ.

ಆ ವರ್ಷವೇ ಡೆಫರ್ಡ್ ಇನ್‌ಕಮ್‌ಗೆ ಬದಲಾಗೋಣ ಎಂದೆ. ಅಂದರೆ ಯಂತ್ರವನ್ನು ಪೂರ್ತಿ 40ಕ್ಕೆ ತೋರಿಸಿ, ಸಬ್ಸಿಡಿಯನ್ನು ಬೇರೆ ಇಟ್ಟು ಪ್ರತಿ ವರ್ಷ ಒಂದು ಪಾಲು ಆದಾಯಕ್ಕೆ ತರುವುದು. "ಲೆಕ್ಕದ ಪಾಲಿಸಿ ಬದಲಿಸಿದರೆ ಲಾಭ ಅಲುಗಾಡುತ್ತದೆ, ಪ್ರಶ್ನೆ ಬರುತ್ತದೆ, ಸುಮ್ನೆ ಯಾಕೆ?" ಎಂದರು ಆಡಿಟರ್. ಜೊತೆಯ ಇಬ್ಬರು ಅಕೌಂಟೆಂಟ್‌ಗಳೂ ನಕ್ಕರು. ನಾನು ಒಂದೇ ಎಂಟ್ರಿ ಬರೆದು ತೋರಿಸಿದೆ. ಯಂತ್ರಕ್ಕೆ ಡೆಬಿಟ್ 16 ಲಕ್ಷ. ಸಂಚಿತ ಸವಕಳಿ ಖಾತೆಗೆ ಕ್ರೆಡಿಟ್ 1.6 ಲಕ್ಷ. ಡೆಫರ್ಡ್ ಗ್ರಾಂಟ್‌ಗೆ ಕ್ರೆಡಿಟ್ 14.4 ಲಕ್ಷ. ಮೊದಲ ವರ್ಷ 40ರ ಮೇಲೆ 4 ಲಕ್ಷ ಸವಕಳಿ ಆಗಬೇಕಿತ್ತು, ನಾವು ತೆಗೆದದ್ದು 2.4. ಆ ವ್ಯತ್ಯಾಸವೇ 1.6. ಗ್ರಾಂಟ್‌ನಿಂದ ಮೊದಲ ವರ್ಷ ಆದಾಯಕ್ಕೆ ಬರಬೇಕಿದ್ದದ್ದೂ 1.6. ಎರಡೂ ಹೊಡೆದುಹೋಗುತ್ತವೆ, ಲಾಭ ಒಂದು ರೂಪಾಯಿಯೂ ಕದಲುವುದಿಲ್ಲ. ಆಡಿಟರ್ ಎರಡು ಸಲ ಕೂಡಿಸಿ ನೋಡಿದರು. ಬದಲಾವಣೆ ಮತ್ತು ಅದರ ಕಾರಣವನ್ನು ಟಿಪ್ಪಣಿಯಲ್ಲಿ ಬರೆಯಿರಿ ಎಂದಷ್ಟೇ ಹೇಳಿ ಸಹಿ ಹಾಕಿದರು.

ಮುಂದೆ ಪ್ರತಿ ವರ್ಷ 4 ಲಕ್ಷ ಸವಕಳಿ ಖರ್ಚಿಗೆ, 1.6 ಲಕ್ಷ ಗ್ರಾಂಟ್ ಆದಾಯಕ್ಕೆ. ಇಲ್ಲಿ ಒಂದು ಎಚ್ಚರ. ಇಳಿಮುಖ ಸವಕಳಿ ಇಟ್ಟವರು ಗ್ರಾಂಟನ್ನು ಸಮಾನ ಕಂತಿನಲ್ಲಿ ಬಿಡಬಾರದು. ಬೇರೊಂದು ಲೆಕ್ಕದಲ್ಲಿ ಹಾಗೆ ಮಾಡಿ ನೋಡಿದ್ದೆ. ಮೊದಲ ವರ್ಷಗಳಲ್ಲಿ ಸವಕಳಿ ಜಾಸ್ತಿ, ಗ್ರಾಂಟ್ ಕಮ್ಮಿ, ಲಾಭ ಸುಮ್ಮನೆ ಕುಸಿಯಿತು. ಆಯಾ ವರ್ಷದ ಸವಕಳಿ ಎಷ್ಟೋ ಅದರ 40ರಲ್ಲಿ 16 ಪಾಲು ಬಿಟ್ಟರೆ ತಾನಾಗಿ ಹೊಂದಿಕೊಳ್ಳುತ್ತದೆ. ಟ್ಯಾಲಿಯಲ್ಲಿ ಎರಡೂ ಎಂಟ್ರಿ ಒಂದೇ ಬಾರಿಗೆ ಬೀಳುವಂತೆ ಮಾಡಿಟ್ಟಿದ್ದೇನೆ. ಅದು ಹೇಗೆ ಎನ್ನುವುದು ನನ್ನಲ್ಲೇ ಇರಲಿ.

ತೆರಿಗೆಯಲ್ಲಿ ಮಾತ್ರ ನಮಗೆ ಆಯ್ಕೆ ಇಲ್ಲ. ಆಗ ನಮಗೆ ಅನ್ವಯಿಸಿದ 1961ರ ಆದಾಯ ತೆರಿಗೆ ಕಾಯ್ದೆಯ 43(1)ರ ವಿವರಣೆ 10 ಪ್ರಕಾರ ಗ್ರಾಂಟ್ ಯಂತ್ರದ ಬೆಲೆಯಿಂದ ಕಳೆಯಲೇಬೇಕಿತ್ತು. ಪುಸ್ತಕ ಹೇಗೇ ಇರಲಿ, ತೆರಿಗೆಯ ಸವಕಳಿ 24ರ ಮೇಲೆಯೇ. ಹಾಗಾಗಿ ಲಾಭ ನಷ್ಟದ ಖಾತೆಗೆ ಬಂದ 1.6 ಲಕ್ಷವನ್ನು ಆದಾಯ ಲೆಕ್ಕ ಹಾಕುವಾಗ ಹೊರಗೆ ತೆಗೆಯಬೇಕು. ಮೊದಲ ಸಲ ನನ್ನ ಹುಡುಗ ಪುಸ್ತಕದ 4 ಲಕ್ಷ ಸವಕಳಿ ಸೇರಿಸಿ, ತೆರಿಗೆಯ ಸವಕಳಿ ಕಳೆದ. 1.6 ತೆಗೆಯಲು ಮರೆತ. ಒಂದೇ ಹಣಕ್ಕೆ ಎರಡು ಕಡೆ ಪೆಟ್ಟು, ಸುಮಾರು 40 ಸಾವಿರ ತೆರಿಗೆ ಹೆಚ್ಚು. ರಿಟರ್ನ್ ಹಾಕುವ ಮುಂಚೆ ಕಣ್ಣಿಗೆ ಬಿತ್ತು, ಬಚಾವಾದೆವು.

ಇನ್ನು ಬ್ಯಾಂಕ್. ಮೀನುಗಾರಿಕೆ ನಿಷೇಧದ ಜೂನ್ ಜುಲೈಯಲ್ಲಿ ಪ್ಲಾಂಟಿಗೆ ಕೆಲಸ ಕಡಿಮೆ, ಸಾಲದ ಲಿಮಿಟ್ ನವೀಕರಣ ಆಗಲೇ ಮಾಡುತ್ತೇವೆ. ಆ ಹೊತ್ತಿಗೆ ಡೆಫರ್ಡ್ ಗ್ರಾಂಟ್ 12.8 ಲಕ್ಷ ಉಳಿದಿತ್ತು. ಅಧಿಕಾರಿ ಅದನ್ನು ಸಾಲದ ಸಾಲಿಗೆ ಸೇರಿಸಿಬಿಟ್ಟರು. ಸ್ವಂತ ಬಂಡವಾಳ ಸುಮಾರು 22 ಲಕ್ಷ, ಹೊರಗಿನ ಬಾಕಿ 32. ಅಂದರೆ ಒಂದೂವರೆ ಪಟ್ಟೂ ಇಲ್ಲ. 12.8 ಸೇರಿಸಿದರೆ ಎರಡು ಪಟ್ಟು ದಾಟುತ್ತದೆ. "ಇದು ಆಗುವುದಿಲ್ಲ" ಎಂದು ಫೈಲು ಮುಚ್ಚಿದರು.

ಕಳೆಯುವ ದಾರಿಯಲ್ಲಿ ಈ ತಲೆನೋವು ಇಲ್ಲ, ಅದನ್ನು ಒಪ್ಪಿಕೊಳ್ಳಲೇಬೇಕು. ನಾನು ಮಂಜೂರಾತಿ ಪತ್ರದ ಷರತ್ತುಗಳನ್ನು ಗುರುತು ಹಾಕಿ ತೆಗೆದುಕೊಂಡು ಹೋದೆ. ಷರತ್ತು ಪಾಲಿಸುವವರೆಗೆ ಈ ಹಣವನ್ನು ಯಾರಿಗೂ ಹಿಂದಿರುಗಿಸಬೇಕಿಲ್ಲ ಎಂದು ತೋರಿಸಿದೆ. ಇದನ್ನು ರಿಸರ್ವ್ಸ್ ಆದ ಮೇಲೆ, ಸಾಲಗಳಿಗಿಂತ ಮೊದಲು, ಬೇರೆ ಹೆಸರಿನಲ್ಲಿ ತೋರಿಸಲು ಸ್ಟ್ಯಾಂಡರ್ಡ್ 12ರಲ್ಲೇ ಹೇಳಿದೆ. ಆ ಸಾಲನ್ನೂ ಓದಿಸಿದೆ. ಎರಡು ವಾರ ಓಡಾಡಿದ ಮೇಲೆ ಅವರು 12.8 ಬಿಟ್ಟು ಲೆಕ್ಕ ಹಾಕಿದರು. ಲಿಮಿಟ್ ನವೀಕರಣವಾಯಿತು. ನಾನು ಅವರಿಗೆ ಕೊಟ್ಟ ಒಂದು ಪುಟದ ಹಾಳೆಯನ್ನು ಈಗ ಮೂರು ಫೈಲುಗಳಲ್ಲಿ ಬಳಸಿದ್ದೇನೆ.

ಷರತ್ತು ಮುರಿದರೆ ಏನಾಗುತ್ತದೆ ಎನ್ನುವುದನ್ನೂ ಕಂಡೆ. ಇನ್ನೊಬ್ಬರು ಮೀನು ಸಾಗಿಸಲು 6 ಲಕ್ಷ ಸಬ್ಸಿಡಿಯಲ್ಲಿ ತೆಗೆದ ಫ್ರೀಜರ್ ವ್ಯಾನಿನಲ್ಲಿ ತರಕಾರಿ ಹೊರಿಸಿದರು. ಎರಡು ವರ್ಷದ ಮೇಲೆ ಇಲಾಖೆಯವರು ಪೂರ್ತಿ ಹಣ ವಾಪಸ್ ಕೇಳಿದರು. 8 ವರ್ಷಕ್ಕೆ ಹಂಚಿದ್ದರಿಂದ ಡೆಫರ್ಡ್‌ನಲ್ಲಿ 4.5 ಲಕ್ಷ ಇತ್ತು, ಮೊದಲು ಅದನ್ನು ಖಾಲಿ ಮಾಡಿದೆ. ಉಳಿದ 1.5 ಲಕ್ಷ ಆ ವರ್ಷದ ಖರ್ಚಿಗೇ ಹೋಯಿತು. ಕಳೆದು ಬರೆದಿದ್ದರೆ ಇಡೀ 6 ಲಕ್ಷ ವ್ಯಾನಿನ ಬೆಲೆಗೆ ಸೇರಿ, ಉಳಿದ 6 ವರ್ಷಗಳ ಸವಕಳಿಗೆ ಹಂಚಿಹೋಗುತ್ತಿತ್ತು. ಆ ವರ್ಷದ ಲಾಭಕ್ಕೆ ಇಷ್ಟು ಪೆಟ್ಟು ಬೀಳುತ್ತಿರಲಿಲ್ಲ. ಷರತ್ತು ಪಾಲಿಸುತ್ತಾರೆ ಎನ್ನುವ ಭರವಸೆ ಇಲ್ಲದ ಗಿರಾಕಿಗಳಿಗೆ ನಾನು ಈಗಲೂ ಕಳೆದೇ ಬರೆಯುತ್ತೇನೆ, ವಿಮೆಯ ಮೊತ್ತ ಮಾತ್ರ ಇನ್‌ವಾಯ್ಸ್ ನೋಡಿ ನಾನೇ ತುಂಬುತ್ತೇನೆ. ಐಸ್ ಪ್ಲಾಂಟಿನ ಪಾಲಿಸಿ ಈಗ 45 ಲಕ್ಷಕ್ಕೆ ಇದೆ.