ಡಯಲ್ 180ರಲ್ಲಿ, ಒಳಗಿನ ಕಾವು 160ರಲ್ಲಿ

ಬಳ್ಳಾರಿಯ ನಮ್ಮ ಮನೆಯಲ್ಲಿ ವರ್ಷವಿಡೀ ಒಂದೇ ಗೋಳು. 180 ಡಿಗ್ರಿಯಲ್ಲಿ 35 ನಿಮಿಷ ಅಂತ ಬರೆದಿರುವ ಸ್ಪಾಂಜ್ ಕೇಕು ನನ್ನ ಓಟಿಜಿ ಅನ್ನುವ ಸಣ್ಣ ಕರೆಂಟ್ ಓವನ್‌ನಲ್ಲಿ ಬೇಯಲು 48 ನಿಮಿಷ ಹಿಡಿಯುತ್ತಿತ್ತು. ಅಷ್ಟರಲ್ಲಿ ಅಂಚು ಒಣಗಿ ಗಟ್ಟಿಯಾಗುತ್ತಿತ್ತು. "ಹಂಚು ಕಾದೈತೋ ಇಲ್ಲೋ ಅಂತ ನೀರು ಚಿಮುಕಿಸಿ ನೋಡ್ತೀವಿ, ಇದರಾಗ ಏನು ನೋಡ್ತಿ?" ಅಂತ ಅತ್ತೆ ಕೇಳಿದ ಮೇಲೆ ಓವನ್ ಥರ್ಮಾಮೀಟರ್ ತರಿಸಿದೆ.

ಅದನ್ನು ನಡುವಿನ ಜಾಲರಿಗೆ, ಕೇಕಿನ ಟಿನ್ ಕೂರುವ ಜಾಗದಲ್ಲೇ ನೇತುಹಾಕಿದೆ. ಕಾಯಿಲ್‌ಗೂ ಗೋಡೆಗೂ ತಾಗಬಾರದು. ಡಯಲ್ 180ಕ್ಕೆ ತಿರುಗಿಸಿ, ಬಾಗಿಲು ತೆಗೆಯದೆ ಗಾಜಿನಿಂದಲೇ ನೋಡುತ್ತ ಕೂತೆ. ಮೊದಲ ಸಲ ದೀಪ ಆರಿದಾಗ ಮುಳ್ಳು 130ರಲ್ಲಿತ್ತು! ದೀಪ ಆರಿದರೆ ಓವನ್ ಕಾಯಿತು ಅಂದುಕೊಂಡು ನಾನು ಇಷ್ಟು ದಿನ ಆಗಲೇ ಟಿನ್ ಒಳಗಿಡುತ್ತಿದ್ದೆ. 25 ನಿಮಿಷದ ಮೇಲೆ ಮುಳ್ಳು ಒಂದು ಲಯಕ್ಕೆ ಬಂತು. ದೀಪ ಹತ್ತಿ ಕಾದಾಗ 172ರವರೆಗೆ ಏರುವುದು, ಆರಿದಾಗ 148ಕ್ಕೆ ಇಳಿಯುವುದು. ಈ ಏರಿಳಿತ, ಕಾವು ನೋಡಿ ಕರೆಂಟ್ ಕಡಿದು ಮತ್ತೆ ಕೊಡುವ ಥರ್ಮೋಸ್ಟಾಟ್‌ನ ಸ್ವಭಾವ, ಕೆಟ್ಟಿದೆ ಅಂತಲ್ಲ. ಮೂರು ಸುತ್ತು ಬರೆದುಕೊಂಡು ನಡುವಿನ ಲೆಕ್ಕ ಹಿಡಿದೆ: 160. ಅಂದರೆ 20 ಡಿಗ್ರಿ ಕಡಿಮೆ.

ಎಲ್ಲ ಕಡೆಗೂ 20 ಕೂಡಿಸಿದರೆ ಆಯಿತು ಅಂದುಕೊಂಡಿದ್ದೆ, ಅದು ತಪ್ಪು. 150ರಲ್ಲಿ ಕೊರತೆ 10, 220ರಲ್ಲಿ 30. ಹಾಗಾಗಿ ಬೇಕಾದ ಪ್ರತಿ ಕಾವಿಗೂ ಬೇರೆಯಾಗಿ ಅಳೆದು ಚೀಟಿ ಬರೆದು ಗೋಡೆಗೆ ಅಂಟಿಸಿದೆ. ನಿಜವಾದ 180 ಬೇಕಾದರೆ ಡಯಲ್ 205ರಲ್ಲಿರಬೇಕು. ಹಾಗಿಟ್ಟು ಮಾಡಿದ ಮೊದಲ ಕೇಕು 36 ನಿಮಿಷಕ್ಕೆ ಬೆಂತು, ನಡುವೆ ಚುಚ್ಚಿದ ಕಡ್ಡಿ ಒಣಗಿಯೇ ಬಂತು, ಅಂಚೂ ಮೆತ್ತಗಿತ್ತು.

ನನ್ನ ಮಟ್ಟಿಗೆ ಮೊದಲು ಸರಿಮಾಡಬೇಕಾದ್ದು ಡಯಲ್, ಆಮೇಲೆ ಸಮಯ. ಬಿಸ್ಕತ್ತಿನಲ್ಲಂತೂ ಸಮಯ ಹಿಗ್ಗಿಸಿದರೆ ಉಪಯೋಗವಿಲ್ಲ. ಕಾವು ಸಾಲದಿದ್ದರೆ ಅಂಚು ಗಟ್ಟಿಯಾಗುವ ಮೊದಲೇ ಬೆಣ್ಣೆ ಕರಗಿ ಹಿಟ್ಟು ಹರಡಿಬಿಡುತ್ತದೆ. ಬನ್ನಿಗೆ ಮಾತ್ರ ಬೇರೆ ದಾರಿಯಿರಲಿಲ್ಲ. 230 ಬೇಕು, ನನ್ನ ಡಯಲ್ ಕೊನೆಯ 250ಕ್ಕೆ ತಿರುಗಿಸಿದರೂ ಒಳಗೆ 215 ದಾಟದು. ಅಲ್ಲಿ 15 ನಿಮಿಷವನ್ನು 20 ಮಾಡಿಕೊಂಡೆ. 14ನೇ ನಿಮಿಷದಿಂದಲೇ ಬಣ್ಣ ನೋಡುತ್ತೇನೆ, ತಳ ತಟ್ಟಿದರೆ ಟೊಳ್ಳು ಸದ್ದು ಬಂದಾಗ ಹೊರಗೆ.

ಬೇಸಿಗೆಯ ಸಂಜೆ ವೋಲ್ಟೇಜ್ ಬಿದ್ದಾಗ ಚೀಟಿಯ ಜೊತೆ ಇನ್ನೊಂದು ಎಚ್ಚರ ಬೇಕು. 230 ವೋಲ್ಟ್ ಇರಬೇಕಾದಲ್ಲಿ 190 ಬಂದರೆ ಕಾಯಿಲ್ ಕೊಡುವ ಶಾಖ ಸುಮಾರು ಮೂರರಲ್ಲಿ ಎರಡು ಭಾಗಕ್ಕೆ ಇಳಿಯುತ್ತದೆ. ಥರ್ಮೋಸ್ಟಾಟ್ ತನ್ನ ಕಾವಿನಲ್ಲೇ ಕರೆಂಟ್ ಕಡಿಯುತ್ತದೆ, ಆದರೆ ಅಲ್ಲಿಗೆ ಮುಟ್ಟಲು ತಡ, ಬಾಗಿಲು ತೆಗೆದ ಮೇಲೆ ಚೇತರಿಸಲು ಇನ್ನೂ ತಡ. ಅಂಥ ದಿನ ಗಡಿಯಾರ ಬಿಟ್ಟು ಮುಳ್ಳು ನೋಡಿಯೇ ಟಿನ್ ಒಳಗಿಡುತ್ತೇನೆ.